ಒರಟುತನ ಬೇರೆ, ವೈಷಮ್ಯ ಬೇರೆ: ಎರಡು ಸ್ವರಗಳ ಹೊಂದಿಕೆಯನ್ನು ಕೇಳಿ ಬಿಡಿಸುವ ಬಗೆ

ಷಡ್ಜದ ಜೊತೆ ಪಂಚಮವನ್ನು ನುಡಿಸಿದರೆ ಎರಡೂ ಕೂಡಿಕೊಳ್ಳುತ್ತವೆ, ಶುದ್ಧ ರಿಷಭವನ್ನು ನುಡಿಸಿದರೆ ಕಚ್ಚಾಡುತ್ತವೆ. ಏಕೆ ಎಂದು ಕೇಳಿದರೆ ಬರುವ ಉತ್ತರ ಹೆಚ್ಚಾಗಿ ಒಂದೇ: 3:2 ಸರಳ ಅನುಪಾತ, 16:15 ಜಟಿಲ ಅನುಪಾತ. ಈ ಉತ್ತರ ನನಗೆ ಎಂದೂ ಸಾಕೆನಿಸಿಲ್ಲ. ಕಿವಿ ಭಿನ್ನರಾಶಿಗಳನ್ನು ಎಣಿಸುವುದಿಲ್ಲ. ಅದು ಏನು ಮಾಡುತ್ತದೆ ಎಂಬುದನ್ನು ಒಂದು ಕಂಪ್ಯೂಟರ್ ಮತ್ತು ತಂತಿಯ ಹೆಡ್‌ಫೋನ್ ಇದ್ದರೆ ನೀವೇ ಕೇಳಿ ತಿಳಿಯಬಹುದು. ಮುಖ್ಯವಾಗಿ, ಸ್ವರಗಳ ವೈಷಮ್ಯ ಎಂದು ನಾವು ಒಟ್ಟಾಗಿ ಕರೆಯುವ ಅನುಭವದಲ್ಲಿ ಒಳಗಿವಿಯ ಪಾಲು ಎಷ್ಟು, ಕೇಳಿ ಬೆಳೆದ ಸಂಗೀತದ ಪಾಲು ಎಷ್ಟು ಎಂಬುದನ್ನು ಬಿಡಿಸಿ ನೋಡಬಹುದು. ಈ ಲೇಖನ ಆ ಬಿಡಿಸುವಿಕೆಯ ಕ್ರಮವನ್ನು ಹೇಳುತ್ತದೆ.

ಸಿದ್ಧತೆ

ಪಿಯಾನೊ ಅಥವಾ ಹಾರ್ಮೋನಿಯಂ ಈ ಕೆಲಸಕ್ಕೆ ಬೇಡ. ಅವುಗಳ ಒಂದೊಂದು ಸ್ವರದಲ್ಲೂ ಹತ್ತಾರು ಉಪಸ್ವರಗಳು, ಅಂದರೆ ಮೂಲ ಆವೃತ್ತಿಯ ಒಂದು, ಎರಡು, ಮೂರು ಪಟ್ಟು ಹೀಗೆ ಏರುವ ಆವೃತ್ತಿಗಳು ಸೇರಿರುವುದರಿಂದ ಯಾವುದು ಯಾವುದರ ಜೊತೆ ಬಡಿದಾಡುತ್ತಿದೆ ಎಂದು ಹೇಳಲಾಗುವುದಿಲ್ಲ. ಸ್ವರವನ್ನು ನಾವೇ ಕಟ್ಟಬೇಕು. ಕೆಳಗಿನ ಪೈಥಾನ್ ಕಾರ್ಯಕ್ರಮಕ್ಕೆ `numpy` ಮತ್ತು `scipy` ಇದ್ದರೆ ಸಾಕು.

```python
import numpy as np
from scipy.io import wavfile

SR = 44100
t = np.arange(4 * SR) / SR

def tone(f, n=1, p=1.0):
    y = sum(np.sin(2*np.pi*f*k**p*t)/k for k in range(1, n+1))
    return y / np.max(np.abs(y))

def save(name, a, b, split=False):
    env = np.minimum(1, np.minimum(t, t[-1] - t) / 0.05)
    left, right = (0.7*a, 0.7*b) if split else ((a+b)/2, (a+b)/2)
    out = 0.5 * np.column_stack([left, right]) * env[:, None]
    wavfile.write(name, SR, (out * 32767).astype(np.int16))

save("beat4.wav", tone(440), tone(444))
```

ಇಲ್ಲಿ `n` ಎಂದರೆ ಸ್ವರದಲ್ಲಿ ಎಷ್ಟು ಉಪಸ್ವರಗಳಿರಬೇಕು ಎಂಬುದು. 1 ಎಂದರೆ ಏನೂ ಬೆರೆಯದ ಶುದ್ಧ ಸೈನ್ ಸ್ವರ. `split=True` ಎಂದರೆ ಒಂದು ಸ್ವರ ಎಡಗಿವಿಗೆ, ಇನ್ನೊಂದು ಬಲಗಿವಿಗೆ. ಬೇರೆಯಾಗಿಸಿದಾಗ 0.7ರಿಂದ ಗುಣಿಸಿರುವುದು ಎರಡೂ ಬಗೆಯಲ್ಲಿ ಪ್ರತಿ ಕಿವಿಗೆ ಸುಮಾರು ಒಂದೇ ಮಟ್ಟದ ಸದ್ದು ತಲುಪಲಿ ಎಂದು. ಇಲ್ಲದಿದ್ದರೆ ಜೋರಾಗಿರುವುದೇ ಹೆಚ್ಚು ಕರ್ಕಶ ಎಂದು ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. `p` ಎಂಬುದು ಕೊನೆಯ ಹಂತಗಳಲ್ಲಿ ಬೇಕಾಗುತ್ತದೆ, ಅಲ್ಲಿಯವರೆಗೆ ಮುಟ್ಟಬೇಡಿ.

ಕಡತಗಳನ್ನು WAV ರೂಪದಲ್ಲೇ ಕೇಳಿ. ಸಂಕುಚಿತ ರೂಪಗಳು ಕೆಲವೊಮ್ಮೆ ಎಡ ಬಲಗಳನ್ನು ಬೆರೆಸಿ ಸಂಗ್ರಹಿಸುತ್ತವೆ. ಮೊಬೈಲ್‌ನಲ್ಲಿ ಕೇಳುವುದಾದರೆ ಮೊನೊ ಆಡಿಯೊ ಆಯ್ಕೆ ಚಾಲೂ ಆಗಿಲ್ಲವೆಂದು ನೋಡಿಕೊಳ್ಳಿ. ಸದ್ದು ಮೆಲುದನಿಯ ಮಾತಿನಷ್ಟಿರಲಿ. ಜೋರಾದರೆ ಒಂದು ಕಡೆಯ ಸದ್ದು ತಲೆಬುರುಡೆಯ ಮೂಲಕ ಇನ್ನೊಂದು ಕಿವಿಗೂ ದಾಟುತ್ತದೆ, ಕಿವಿಗಳನ್ನು ಬೇರ್ಪಡಿಸಿದ್ದು ವ್ಯರ್ಥವಾಗುತ್ತದೆ.

ಮೊದಲು ವಿಸ್ಪಂದ, ಆಮೇಲೆ ಒರಟು

440 ಹರ್ಟ್ಸ್‌ನ ಶುದ್ಧ ಸ್ವರವನ್ನು ಸ್ಥಿರವಾಗಿಟ್ಟು ಜೊತೆಯ ಸ್ವರವನ್ನು ಮಾತ್ರ ಏರಿಸುತ್ತ ಹೋಗಿ: 441, 444, 452, 468, 500, 560. ಪ್ರತಿ ಜೋಡಿಗೂ ಒಂದು ಕಡತ.

441ರಲ್ಲಿ ಎರಡು ಸ್ವರಗಳು ಕೇಳುವುದಿಲ್ಲ. ಒಂದೇ ಸ್ವರ ಸೆಕೆಂಡಿಗೆ ಒಮ್ಮೆ ಉಬ್ಬಿ ಇಳಿಯುತ್ತದೆ. 444ರಲ್ಲಿ ಸೆಕೆಂಡಿಗೆ ನಾಲ್ಕು ಬಾರಿ. ಇದೇ ವಿಸ್ಪಂದ, ಅಂದರೆ ಬೀಟ್. ಎರಡು ಅಲೆಗಳು ಒಮ್ಮೆ ಜೊತೆಗೂಡಿ ಬಲವಾಗುತ್ತವೆ, ಒಮ್ಮೆ ಎದುರುಬದುರಾಗಿ ಅಳಿಸಿಕೊಳ್ಳುತ್ತವೆ. ಎಷ್ಟು ವೇಗದಲ್ಲಿ ಎಂಬುದು ಎರಡರ ಆವೃತ್ತಿಗಳ ವ್ಯತ್ಯಾಸಕ್ಕೆ ಸರಿಸಮ. ಇಲ್ಲಿಯವರೆಗೆ ಅಹಿತವೆನಿಸುವಂಥದ್ದೇನೂ ಇಲ್ಲ, ಹಲವರಿಗೆ ಇದು ಹಿತವಾಗಿಯೇ ಕೇಳುತ್ತದೆ.

452ರ ಹೊತ್ತಿಗೆ ಉಬ್ಬರವಿಳಿತಗಳನ್ನು ಎಣಿಸುವುದು ಅಸಾಧ್ಯವಾಗಿ ಸ್ವರ ನಡುಗತೊಡಗುತ್ತದೆ. 468ರಲ್ಲಿ ಆ ನಡುಕವೂ ಕರಗಿ, ಸ್ವರದ ಮೈಯೇ ಗರಗರ ಎನ್ನುವಂತಾಗುತ್ತದೆ. ಇದನ್ನು ಒರಟುತನ ಎನ್ನೋಣ. 500ರಲ್ಲಿ ಎರಡು ಸ್ವರಗಳು ಬೇರೆಬೇರೆಯಾಗಿ ಕಾಣತೊಡಗಿದರೂ ಸ್ವಲ್ಪ ಗರಗರ ಉಳಿದಿರುತ್ತದೆ. 560ರಲ್ಲಿ ಅದೂ ಹೋಗಿ, ಎರಡು ನಯವಾದ ಸ್ವರಗಳು ಪಕ್ಕಪಕ್ಕದಲ್ಲಿ ನಿಲ್ಲುತ್ತವೆ.

ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 1863ರಲ್ಲೇ ವೈಷಮ್ಯದ ಬೇರನ್ನು ಈ ವೇಗದ ವಿಸ್ಪಂದಗಳಲ್ಲಿ ಗುರುತಿಸಿದರು. ಆದರೆ ಸೆಕೆಂಡಿಗೆ ಇಷ್ಟು ವಿಸ್ಪಂದವಾದರೆ ಒರಟು ಎಂಬ ಒಂದೇ ಅಂಕಿಯಿಂದ ಎಲ್ಲ ಎತ್ತರದ ಸ್ವರಗಳನ್ನೂ ವಿವರಿಸಲಾಗುವುದಿಲ್ಲ. ಅದಕ್ಕೆ ಕಾರಣ ಒಳಗಿವಿಯ ರಚನೆಯಲ್ಲಿದೆ.

ಕಿವಿಯ ಪಟ್ಟಿಗಳು

ಒಳಗಿವಿಯ ಸುರುಳಿಯೊಳಗೆ ಸುಮಾರು 35 ಮಿಲಿಮೀಟರ್ ಉದ್ದದ ಒಂದು ಪೊರೆ ಇದೆ, ಬೇಸಿಲರ್ ಪೊರೆ. ಎತ್ತರದ ಸ್ವರಗಳಿಗೆ ಅದರ ಬುಡ, ತಗ್ಗಿನ ಸ್ವರಗಳಿಗೆ ಅದರ ತುದಿ ಹೆಚ್ಚು ಅಲುಗುತ್ತದೆ. ಆದರೆ ಒಂದು ಸ್ವರ ಒಂದು ಬಿಂದುವನ್ನಷ್ಟೇ ಅಲುಗಿಸುವುದಿಲ್ಲ, ಸುತ್ತಲಿನ ಒಂದಿಷ್ಟು ಜಾಗವನ್ನೂ ಅಲುಗಿಸುತ್ತದೆ. ಎರಡು ಸ್ವರಗಳ ಜಾಗಗಳು ಒಂದರ ಮೇಲೊಂದು ಬಿದ್ದರೆ ಅಲ್ಲಿನ ನರಗಳಿಗೆ ಎರಡರ ಮೊತ್ತ, ಅಂದರೆ ವಿಸ್ಪಂದವೇ ಸಿಗುತ್ತದೆ. ಜಾಗಗಳು ದೂರವಿದ್ದರೆ ಪ್ರತಿಯೊಂದೂ ತನ್ನ ಪಾಡಿಗೆ ಸಾಗುತ್ತದೆ. ಸ್ವರಗಳು ಹೀಗೆ ಒಂದರೊಡನೊಂದು ತೊಡಕಿಕೊಳ್ಳುವ ಆವೃತ್ತಿಗಳ ಅಗಲವೇ ಕ್ರಿಟಿಕಲ್ ಬ್ಯಾಂಡ್. ನಿರ್ಣಾಯಕ ಪಟ್ಟಿ ಎಂದೂ ಹೇಳಬಹುದು.

ಎಬರ್‌ಹಾರ್ಟ್ ಟ್ಸ್ವಿಕರ್ ಅವರ ಅಳತೆಯಲ್ಲಿ ಈ ಪಟ್ಟಿಯ ಅಗಲ 500 ಹರ್ಟ್ಸ್‌ನವರೆಗೆ ಸುಮಾರು 100 ಹರ್ಟ್ಸ್, ಅದಕ್ಕಿಂತ ಮೇಲೆ ಸ್ವರದ ಆವೃತ್ತಿಯ ಹೆಚ್ಚುಕಡಿಮೆ ಐದನೇ ಒಂದು ಭಾಗ. ನಂತರದ ಬೇರೆ ವಿಧಾನದ ಅಳತೆಗಳಲ್ಲಿ ಇನ್ನಷ್ಟು ಕಿರಿದಾದ ಅಗಲ ಸಿಗುತ್ತದೆ, ಹಾಗಾಗಿ ಇವುಗಳನ್ನು ಗೆರೆ ಎಳೆದ ಗಡಿಗಳೆಂದು ತಿಳಿಯಬಾರದು. 1965ರಲ್ಲಿ ಪ್ಲಾಂಪ್ ಮತ್ತು ಲೆವೆಲ್ಟ್ ಶುದ್ಧ ಸ್ವರಗಳ ಜೋಡಿಗಳನ್ನು ಕೇಳಿಸಿ ಜನರ ತೀರ್ಪು ಕೇಳಿದರು. ಅಂತರವು ಪಟ್ಟಿಯ ಕಾಲು ಭಾಗದಷ್ಟಿದ್ದಾಗ ತೀರ್ಪು ಅತ್ಯಂತ ಕಹಿಯಾಗಿತ್ತು, ಪಟ್ಟಿಯನ್ನು ದಾಟಿದ ಮೇಲೆ ದೂರು ಉಳಿಯಲಿಲ್ಲ. 440ರ ಬಳಿ ಈ ಕಾಲು ಭಾಗ ಇಪ್ಪತ್ತೈದು, ಮೂವತ್ತು ಹರ್ಟ್ಸ್ ಆಗುತ್ತದೆ. ನೀವು 468ರಲ್ಲಿ ಕೇಳಿದ್ದು ಆ ತುದಿಯನ್ನೇ.

ಪಟ್ಟಿಯ ಪ್ರಭಾವವನ್ನು ಒಂದೇ ಅನುಪಾತದ ಜೋಡಿಯಲ್ಲಿ ಕೇಳಬಹುದು. ಅಂತರ ಗಾಂಧಾರದ ಜೋಡಿಯನ್ನು ಶುದ್ಧ ಸ್ವರಗಳಲ್ಲಿ ಎರಡು ಎತ್ತರಗಳಲ್ಲಿ ಮಾಡಿ: 110 ಮತ್ತು 138.6, ಆಮೇಲೆ 880 ಮತ್ತು 1108.7. ಅನುಪಾತ ಎರಡರಲ್ಲೂ ಒಂದೇ. ಆದರೂ ಮೊದಲನೆಯದು ಗರಗರ ಎನ್ನುತ್ತದೆ, ಎರಡನೆಯದು ನಯವಾಗಿರುತ್ತದೆ. ಕೆಳಗೆ ಅಂತರ 29 ಹರ್ಟ್ಸ್, ಒಂದೇ ಪಟ್ಟಿಯ ಒಳಗೆ. ಮೇಲೆ ಅಂತರ 229 ಹರ್ಟ್ಸ್, ಪಟ್ಟಿಯ ಹೊರಗೆ. ಅನುಪಾತವೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂಬ ಮಾತು ಇಲ್ಲೇ ಬಿದ್ದುಹೋಗುತ್ತದೆ. ತಗ್ಗಿನ ಸ್ಥಾಯಿಯಲ್ಲಿ ಸ್ವರಗಳನ್ನು ಒತ್ತೊತ್ತಾಗಿ ಪೇರಿಸಿದರೆ ಮಸುಕಾಗಿ ಕೇಳುವುದಕ್ಕೂ ಇದೇ ಕಾರಣ.

ಇನ್ನೊಂದನ್ನೂ ಗಮನಿಸಿ. 440ರ ಜೊತೆ ಪ್ರತಿ ಮಧ್ಯಮ (622) ಮತ್ತು ಪಂಚಮವನ್ನು (660) ಶುದ್ಧ ಸ್ವರಗಳಲ್ಲಿ ಕೇಳಿ. ಒರಟುತನದ ದೃಷ್ಟಿಯಿಂದ ಎರಡಕ್ಕೂ ವ್ಯತ್ಯಾಸವೇ ಇಲ್ಲ, ಎರಡೂ ಪಟ್ಟಿಯ ಹೊರಗಿವೆ. ಹಾಗಾದರೆ ವಾದ್ಯದಲ್ಲಿ ಪಂಚಮಕ್ಕೆ ಆ ವಿಶೇಷ ಸ್ಥಾನ ಎಲ್ಲಿಂದ ಬಂತು?

ಉಪಸ್ವರಗಳ ಲೆಕ್ಕ: ಒಂದು ಪೂರ್ಣ ಉದಾಹರಣೆ

ಈಗ ಷಡ್ಜವನ್ನು 220 ಹರ್ಟ್ಸ್‌ಗೆ ಇಟ್ಟು ಆರು ಉಪಸ್ವರಗಳ ಸ್ವರ ಕಟ್ಟಿ, `tone(220, 6)`. ಅದರಲ್ಲಿ 220, 440, 660, 880, 1100, 1320 ಇರುತ್ತವೆ. ಇದರ ಮುಂದೆ ಮೂರು ಜೊತೆಗಾರರನ್ನು ನಿಲ್ಲಿಸಿ ಲೆಕ್ಕ ಹಾಕೋಣ.

ಪಂಚಮ 330. ಅದರ ಉಪಸ್ವರಗಳು 330, 660, 990, 1320, ಮುಂದೆ 1650, 1980. 660 ಮತ್ತು 1320 ಷಡ್ಜದ ಉಪಸ್ವರಗಳ ಮೇಲೇ ಸರಿಯಾಗಿ ಕೂರುತ್ತವೆ, ವ್ಯತ್ಯಾಸ ಸೊನ್ನೆ. ಉಳಿದವುಗಳಲ್ಲಿ ತೊಡಕಿಗೆ ಹತ್ತಿರವಿರುವುದು 990, ಅದು 880 ಮತ್ತು 1100 ಎರಡರಿಂದಲೂ 110 ಹರ್ಟ್ಸ್ ದೂರ. ಆ ಎತ್ತರದಲ್ಲಿ ಪಟ್ಟಿಯ ಅಗಲ ನೂರೈವತ್ತರ ಮೇಲಿರುವುದರಿಂದ 990 ಪೂರ್ತಿ ಹೊರಗೇನೂ ಇಲ್ಲ. ಆದರೆ ಕಾಲು ಭಾಗದ ತುದಿಯಿಂದ ಬಹಳ ದೂರ ಬಂದಾಗಿದೆ. ಪಂಚಮದಲ್ಲಿ ಒರಟುತನ ಸೊನ್ನೆಯಲ್ಲ, ಅಲ್ಪ.

ಪ್ರತಿ ಮಧ್ಯಮ 311. ಅದರ ಎರಡನೆಯ ಉಪಸ್ವರ 622, ಷಡ್ಜದ 660ರಿಂದ 38 ಹರ್ಟ್ಸ್ ದೂರ. ಮೂರನೆಯದು 933, ಷಡ್ಜದ 880ರಿಂದ 53 ದೂರ. ಎರಡೂ ಒರಟಿನ ವಲಯದಲ್ಲೇ ಇವೆ.

ಶುದ್ಧ ರಿಷಭ 233. ಇಲ್ಲಿ ಒಂದೂ ತಪ್ಪಿಸಿಕೊಳ್ಳುವುದಿಲ್ಲ. ಜೋಡಿಗಳ ವ್ಯತ್ಯಾಸ ಕ್ರಮವಾಗಿ 13, 26, 39, 52, 65, 78 ಹರ್ಟ್ಸ್. ಆರು ಜಾಗಗಳಲ್ಲಿ ಆರು ವಿಸ್ಪಂದಗಳು ಬೇರೆ ಬೇರೆ ವೇಗದಲ್ಲಿ ಒಟ್ಟಿಗೆ ನಡೆಯುತ್ತವೆ.

ಮೂರನ್ನೂ ಕಡತ ಮಾಡಿ ಕೇಳಿ. ಲೆಕ್ಕ ಹೇಳಿದ ಅನುಕ್ರಮವೇ ಕಿವಿಗೂ ಸಿಗಬೇಕು. ಸಿಗದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಸ್ಪೀಕರನ್ನು. ಲ್ಯಾಪ್‌ಟಾಪಿನ ಸಣ್ಣ ಸ್ಪೀಕರ್ 220ರ ಮೂಲಸ್ವರವನ್ನು ಬಹುಪಾಲು ನುಂಗುತ್ತದೆ, ಜೋರಾಗಿಟ್ಟರೆ ತಾನೇ ಹೊಸ ಸ್ವರಗಳನ್ನು ಹುಟ್ಟಿಸುತ್ತದೆ. ಒಂದೇ ಶುದ್ಧ ಸ್ವರವನ್ನು ನುಡಿಸಿ ನೋಡಿ. ಅದರಲ್ಲೇ ಗರಗರ ಕೇಳಿದರೆ ದೋಷ ಉಪಕರಣದ್ದು.

ಪಿಯಾನೊದಂತೆ ಸಮಪಾಲು ಶ್ರುತಿ ಮಾಡಿದ ಪಂಚಮ 329.63 ಹರ್ಟ್ಸ್. ಅದನ್ನೂ ಒಮ್ಮೆ ಕೇಳಿ. 660 ಮತ್ತು 659.26ರ ನಡುವೆ ಸೆಕೆಂಡಿಗೆ ಮುಕ್ಕಾಲು ವಿಸ್ಪಂದ, ನಿಧಾನವಾದ ಒಂದು ತೂಗಾಟ. ಕಿವಿಯಿಂದ ಶ್ರುತಿ ಮಾಡುವವರು ಎಣಿಸುವುದು ಇದನ್ನೇ.

ಉಪಸ್ವರಗಳನ್ನು ಎಳೆದು ನೋಡುವುದು

ಈ ವಿವರಣೆ ಸರಿಯಾಗಿದ್ದರೆ ಒಂದು ವಿಚಿತ್ರ ಪರಿಣಾಮ ಸಾಧ್ಯವಾಗಬೇಕು: ಉಪಸ್ವರಗಳ ಜಾಗ ಬದಲಿಸಿದರೆ ತಾರ ಷಡ್ಜವನ್ನೂ ಒರಟು ಮಾಡಬಹುದು. ವಿಲಿಯಂ ಸೆಥಾರೆಸ್ 1990ರ ದಶಕದಲ್ಲಿ ಇಂಥ ಪ್ರಯೋಗಗಳನ್ನು ವಿಸ್ತಾರವಾಗಿ ನಡೆಸಿದರು.

`p` ಬೆಲೆಯನ್ನು 1.0704 ಮಾಡಿ. ಆಗ ಎರಡನೆಯ ಉಪಸ್ವರ ಮೂಲದ 2 ಪಟ್ಟು ಇರುವ ಬದಲು 2.1 ಪಟ್ಟಾಗುತ್ತದೆ, ಉಳಿದವೂ ಅದೇ ನಿಯಮದಂತೆ ಹಿಗ್ಗುತ್ತವೆ. 220ರ ಸ್ವರದಲ್ಲಿ ಈಗ 220, 462, 713, 970, 1232, 1497 ಇವೆ. ಇದಕ್ಕೆ ನಿಜವಾದ ತಾರ ಷಡ್ಜವನ್ನು, ಅಂದರೆ ಹೀಗೆಯೇ ಹಿಗ್ಗಿಸಿದ 440ರ ಸ್ವರವನ್ನು ಸೇರಿಸಿ. ಅದರಲ್ಲಿ 440, 924, 1426 ಇತ್ಯಾದಿ. 462ಕ್ಕೂ 440ಕ್ಕೂ 22 ವ್ಯತ್ಯಾಸ, 970ಕ್ಕೂ 924ಕ್ಕೂ 46, 1497ಕ್ಕೂ 1426ಕ್ಕೂ 71. ತಾರ ಷಡ್ಜ ಒಡೆದು ಗರಗರ ಎನ್ನುತ್ತದೆ! ಅದರ ಬದಲು 462ರ ಸ್ವರವನ್ನು ಜೊತೆಗಿಟ್ಟರೆ ಎಲ್ಲ ಕೂಡುವ ಜಾಗಗಳೂ ಕೂಡಿ, ಅದು ನಯವಾಗುತ್ತದೆ.

```python
s = 1.0704
save("true8.wav", tone(220, 6, s), tone(440, 6, s))
save("wide8.wav", tone(220, 6, s), tone(462, 6, s))
```

ಇಲ್ಲಿ ಅವಸರ ಬೇಡ, ಎರಡನ್ನೂ ಮತ್ತೆ ಮತ್ತೆ ಕೇಳಿ. `wide8.wav` ನಯವಾಗಿದೆ ಎಂದು ಒಪ್ಪುತ್ತೀರಿ. ಆದರೆ ಅದು ಶ್ರುತಿಶುದ್ಧವೆಂದು ಮನಸ್ಸು ಒಪ್ಪುತ್ತದೆಯೇ? ಹಲವರಿಗೆ ಏನೋ ಸರಿಯಿಲ್ಲ ಎನಿಸುತ್ತದೆ. ಈ ಇರುಸುಮುರುಸನ್ನು ವಿಸ್ಪಂದದಿಂದ ವಿವರಿಸಲಾಗದು, ಏಕೆಂದರೆ ಅಲ್ಲಿ ವಿಸ್ಪಂದವೇ ಇಲ್ಲ. ಒರಟುತನದ ಸಿದ್ಧಾಂತ ಎಲ್ಲಿ ಮುಗಿಯುತ್ತದೆ ಎಂಬುದು ಈ ಒಂದು ಕಡತದಲ್ಲಿದೆ.

ಎರಡು ಕಿವಿಗಳಿಗೆ ಹಂಚುವುದು

ವಿಸ್ಪಂದ ಹುಟ್ಟುವುದು ಒಂದೇ ಕಿವಿಯ ಒಂದೇ ಪೊರೆಯ ಮೇಲೆ. ಎರಡು ಸ್ವರಗಳನ್ನು ಬೇರೆ ಬೇರೆ ಕಿವಿಗೆ ಕೊಟ್ಟರೆ ಅವು ಆ ಪೊರೆಯ ಮೇಲೆ ಸಂಧಿಸುವುದೇ ಇಲ್ಲ. ಮೊದಲು ಶುದ್ಧ ಸ್ವರಗಳ 440 ಮತ್ತು 468ರ ಜೋಡಿಯನ್ನು `split=True` ಇಟ್ಟು ಕೇಳಿ. ಗರಗರ ಮಾಯವಾಗಬೇಕು. ಮಾಯವಾಗದಿದ್ದರೆ ಎಡ ಬಲ ಎಲ್ಲೋ ಬೆರೆಯುತ್ತಿವೆ, ಸಿದ್ಧತೆಯ ಭಾಗಕ್ಕೆ ಹಿಂತಿರುಗಿ. ಅಂತರ ತೀರ ಕಡಿಮೆಯಿದ್ದಾಗ, ಉದಾಹರಣೆಗೆ 440 ಮತ್ತು 444, ತಲೆಯೊಳಗೆ ಮೆಲ್ಲನೆ ಏನೋ ತೇಲಿದಂತೆ ಅನಿಸಬಹುದು. ಅದು ಎರಡು ಕಿವಿಗಳ ಸಂಕೇತಗಳು ಮಿದುಳಿನಲ್ಲಿ ಸೇರುವುದರಿಂದ ಆಗುವ ಪರಿಣಾಮ, ಒರಟುತನವಲ್ಲ.

ಈಗ ಆರು ಉಪಸ್ವರಗಳ ಪಂಚಮ, ಪ್ರತಿ ಮಧ್ಯಮ, ಶುದ್ಧ ರಿಷಭಗಳನ್ನು ಕೂಡಿಸಿಯೂ ಹಂಚಿಯೂ ಮಾಡಿಕೊಳ್ಳಿ, ಒಟ್ಟು ಆರು ಕಡತಗಳು. ಹೆಸರು ಕಾಣದಂತೆ ಕಲಸಿ, ಇನ್ನೊಬ್ಬರಿಂದ ನುಡಿಸಿಕೊಳ್ಳಿ. ಪ್ರತಿಯೊಂದಕ್ಕೂ ಎರಡು ಪ್ರತ್ಯೇಕ ಅಂಕ ಕೊಡಿ: ಇದು ಎಷ್ಟು ಒರಟು, ಮತ್ತು ಈ ಎರಡು ಸ್ವರಗಳು ಎಷ್ಟು ಹೊಂದುತ್ತವೆ. ಎರಡನ್ನೂ ಒಂದರಿಂದ ಏಳರವರೆಗೆ. ಈ ಇಡೀ ಕ್ರಮದ ಜೀವ ಇರುವುದು ಎರಡು ಪ್ರಶ್ನೆಗಳನ್ನು ಬೆರೆಸದೆ ಕೇಳಿಕೊಳ್ಳುವುದರಲ್ಲಿ.

ಹಂಚಿದಾಗ ಒರಟಿನ ಅಂಕಗಳು ಮೂರೂ ಜೋಡಿಗಳಲ್ಲಿ ಕುಸಿಯುತ್ತವೆ. ಹೊಂದಿಕೆಯ ಅಂಕಗಳು ಆ ಮಟ್ಟಿಗೆ ಸಮವಾಗದೆ ಉಳಿದರೆ, ಪಂಚಮ ಇನ್ನೂ ಮೇಲಿದ್ದರೆ, ಆ ಉಳಿದ ವ್ಯತ್ಯಾಸ ಪೊರೆಯದ್ದಲ್ಲ. ಅದಕ್ಕೆ ಎರಡು ಮೂಲಗಳಿವೆ. ಒಂದು, ಪಂಚಮದ ಜೋಡಿಯ ಎಲ್ಲ ಉಪಸ್ವರಗಳೂ 110 ಹರ್ಟ್ಸ್‌ನ ಗುಣಕಗಳಾದ್ದರಿಂದ ಅವೆಲ್ಲ ಒಂದೇ ಮೂಲದಿಂದ ಹೊರಟಂತೆ ಮಿದುಳಿಗೆ ತೋರುತ್ತವೆ. ಪ್ರತಿ ಮಧ್ಯಮಕ್ಕೆ ಅಂಥ ಹತ್ತಿರದ ಒಂದು ಮೂಲ ಸಿಗುವುದಿಲ್ಲ. ಇನ್ನೊಂದು, ನೀವು ಇಷ್ಟು ವರ್ಷ ಕೇಳಿದ ಸಂಗೀತ.

ಕಲಿಕೆಯ ಪಾಲು

ಈ ಎರಡು ಮೂಲಗಳನ್ನು ಬಿಡಿಸುವುದು ಮನೆಯ ಪ್ರಯೋಗಕ್ಕೆ ಎಟುಕದು, ಇಲ್ಲಿ ಸಂಶೋಧಕರ ಕೆಲಸವನ್ನೇ ನೋಡಬೇಕು. ಜೋಶ್ ಮ್ಯಾಕ್‌ಡರ್ಮಟ್ ಮತ್ತು ಸಂಗಡಿಗರು 2010ರಲ್ಲಿ ಅಮೆರಿಕದ ಕೇಳುಗರ ನಡುವಿನ ವ್ಯತ್ಯಾಸಗಳನ್ನು ಅಳೆದರು. ಸಾಮರಸ್ಯದ ಸ್ವರಕೂಟಗಳನ್ನು ಹೆಚ್ಚು ಮೆಚ್ಚಿದವರು ಒಂದೇ ಮೂಲದ ಉಪಸ್ವರಗಳನ್ನೂ ಹೆಚ್ಚು ಮೆಚ್ಚಿದರು, ಮತ್ತು ವಾದ್ಯ ನುಡಿಸಿದ ವರ್ಷಗಳು ಹೆಚ್ಚಿದಂತೆ ಆ ಮೆಚ್ಚುಗೆಯೂ ಹೆಚ್ಚಿತ್ತು. ವಿಸ್ಪಂದವನ್ನು ಎಷ್ಟು ದ್ವೇಷಿಸುತ್ತಾರೆ ಎಂಬುದಕ್ಕೂ ಸ್ವರಕೂಟದ ಮೆಚ್ಚುಗೆಗೂ ಅಂಥ ನಂಟು ಕಾಣಲಿಲ್ಲ. 2012ರ ಇನ್ನೊಂದು ಅಧ್ಯಯನದಲ್ಲಿ ಹುಟ್ಟಿನಿಂದಲೇ ಸಂಗೀತದ ಸ್ವರಗಳನ್ನು ಗ್ರಹಿಸಲಾರದವರು ಸಾಮರಸ್ಯ ವೈಷಮ್ಯಗಳಲ್ಲಿ ಭೇದ ತೋರಲಿಲ್ಲ, ಆದರೆ ವಿಸ್ಪಂದವನ್ನು ಎಲ್ಲರಂತೆ ಒಲ್ಲೆ ಎಂದರು.

2016ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಮ್ಯಾಕ್‌ಡರ್ಮಟ್ ಅವರ ತಂಡ ಬೊಲಿವಿಯದ ಅಮೆಜಾನ್ ಪ್ರದೇಶದ ತ್ಸಿಮಾನೆ ಜನರ ಬಳಿ ಹೋಯಿತು. ಅವರ ಸಂಗೀತದಲ್ಲಿ ಎರಡು ಸ್ವರಗಳನ್ನು ಒಟ್ಟಿಗೆ ಪೋಣಿಸುವ ಪದ್ಧತಿ ಇಲ್ಲ. ಸಾಮರಸ್ಯದ ಸ್ವರಕೂಟಗಳನ್ನೂ ವೈಷಮ್ಯದವುಗಳನ್ನೂ ಅವರು ಸಮಾನವಾಗಿ ಹಿತವೆಂದರು. ಬೊಲಿವಿಯದ ಪಟ್ಟಣ ಮತ್ತು ನಗರವಾಸಿಗಳಲ್ಲಿ ಸಾಮರಸ್ಯದ ಕಡೆಗೆ ಒಲವಿತ್ತು, ಅಮೆರಿಕದವರಲ್ಲಿ ಅದು ಇನ್ನೂ ಬಲವಾಗಿತ್ತು. ಆದರೆ ಒಂದೇ ಕಿವಿಯಲ್ಲಿ ಗರಗರಗುಟ್ಟುವ ಜೋಡಿಯನ್ನೂ ಎರಡು ಕಿವಿಗೆ ಹಂಚಿದ ನಯವಾದ ಜೋಡಿಯನ್ನೂ ಹೋಲಿಸಲು ಹೇಳಿದಾಗ ತ್ಸಿಮಾನೆಯವರೂ ನಯವಾದದ್ದನ್ನೇ ಆರಿಸಿದರು. ಪ್ರಶ್ನೆ ಅರ್ಥವಾಗಲಿಲ್ಲ ಎನ್ನುವ ಆಕ್ಷೇಪಕ್ಕೆ ಇದು ಉತ್ತರ. ಒರಟು ಅವರಿಗೂ ಒರಟೇ. ಸ್ವರಕೂಟದಲ್ಲಿ ಅದರ ಆಧಾರದ ಮೇಲೆ ಅವರು ಮೇಲುಕೀಳು ಕಟ್ಟಲಿಲ್ಲ, ಅಷ್ಟೆ.

ಒರಟನ್ನು ಒಲ್ಲೆ ಎನ್ನುವುದೂ ಸಂಗೀತದೊಳಗೆ ಬಂದಾಗ ಬದಲಾಗಬಲ್ಲದು. ಬಾಲಿಯ ಗಮೆಲಾನ್ ಎಂಬ ವಾದ್ಯಮೇಳದಲ್ಲಿ ವಾದ್ಯಗಳನ್ನು ಜೋಡಿಯಾಗಿ ಮಾಡಿ, ಒಂದನ್ನು ಇನ್ನೊಂದಕ್ಕಿಂತ ತುಸು ಎತ್ತರಕ್ಕೆ ಶ್ರುತಿ ಮಾಡುತ್ತಾರೆ. ಅದರಿಂದ ಹುಟ್ಟುವ ವಿಸ್ಪಂದವೇ ಅಲ್ಲಿ ನಾದದ ಜೀವ, ಅದಿಲ್ಲದ ವಾದ್ಯ ಸತ್ತಂತೆ. ಅದು ನಿಧಾನದ ಉಬ್ಬರ, ನಮ್ಮ 444ರ ಕಡತದ ಬಂಧು. ಆದರೆ ಏಡ್ರಿಯಾಟಿಕ್ ತೀರದ ಇಸ್ತ್ರಿಯದಲ್ಲಿ ಇಬ್ಬರು ಹಾಡುಗಾರರು ಒತ್ತೊತ್ತಾದ ಸ್ವರಗಳನ್ನು ಬೇಕೆಂದೇ ಹಿಡಿದು ನಿಲ್ಲುತ್ತಾರೆ, ಅಲ್ಲಿ ಕೇಳುವುದು ನೇರವಾದ ಒರಟುತನವೇ. 2009ರಲ್ಲಿ ಯುನೆಸ್ಕೊ ಈ ಇಬ್ಬರ ಹಾಡಿಕೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಹಾಡುಗಾರರ ಬೇಸಿಲರ್ ಪೊರೆ ನಮ್ಮದಕ್ಕಿಂತ ಬೇರೆಯಲ್ಲ.

ಅಂಕಗಳನ್ನು ಓದುವಾಗ

ನಿಮ್ಮ ಆರು ಕಡತಗಳ ಅಂಕಗಳಿಂದ ಎಷ್ಟು ಹೇಳಬಹುದು ಎಂಬುದಕ್ಕೆ ಮಿತಿ ಇದೆ. ಕೂಡಿಸಿದ ಕಡತಕ್ಕೂ ಹಂಚಿದ ಕಡತಕ್ಕೂ ಒರಟಿನ ಅಂಕದಲ್ಲಿರುವ ವ್ಯತ್ಯಾಸವನ್ನು ಒಳಗಿವಿಯ ಖಾತೆಗೆ ಧೈರ್ಯವಾಗಿ ಬರೆಯಬಹುದು. ಹಂಚಿದ ಮೇಲೂ ಉಳಿದ ಹೊಂದಿಕೆಯ ವ್ಯತ್ಯಾಸವನ್ನು ಪೂರ್ತಿಯಾಗಿ ಕಲಿಕೆಯ ಖಾತೆಗೆ ಬರೆಯಬಾರದು, ಒಂದೇ ಮೂಲದಂತೆ ತೋರುವ ಗುಣವೂ ಅದರಲ್ಲಿ ಸೇರಿದೆ. ಎರಡು ಕಿವಿಗಳಿಗೆ ಹಂಚಿದ ಸದ್ದು ಅಸಹಜವಾಗಿರುವುದರಿಂದ ಅದಕ್ಕಾಗಿಯೇ ಕೆಲವರು ಎಲ್ಲ ಅಂಕಗಳನ್ನೂ ತಗ್ಗಿಸುತ್ತಾರೆ. ಹಾಗಾಗಿ ಅಂಕಕ್ಕಿಂತ ಮೂರರ ನಡುವಿನ ಅನುಕ್ರಮವನ್ನು ನಂಬಿ. ಒಳಗಿವಿಯ ದೋಷದಿಂದ ಕೇಳಿಸುವಿಕೆ ಕುಂದಿದವರಲ್ಲಿ ಪಟ್ಟಿಗಳು ಅಗಲವಾಗಿರುತ್ತವೆ, ಅವರ ಒರಟಿನ ಅನುಕ್ರಮ ಮೇಲಿನ ಲೆಕ್ಕಕ್ಕೆ ಹೊಂದದೆ ಹೋಗಬಹುದು.

ಕಲಿಕೆಯ ಪಾಲನ್ನು ಇನ್ನಷ್ಟು ಹತ್ತಿರದಿಂದ ನೋಡುವ ಆಸೆಯಿದ್ದರೆ ಹಿಗ್ಗಿಸಿದ ಉಪಸ್ವರಗಳ ಸ್ವರಕ್ಕೆ ಮರಳಿ. ಅದರಲ್ಲಿ ಸಣ್ಣಪುಟ್ಟ ರಾಗದೆಳೆಗಳನ್ನು ಕಟ್ಟಿ, 2.1 ಪಟ್ಟಿನ ಸ್ವರವನ್ನೇ ತಾರ ಷಡ್ಜವಾಗಿ ಬಳಸಿ, ಕೆಲವು ವಾರ ಪ್ರತಿದಿನ ಕೇಳಿ. ಅದಕ್ಕೂ ಮುಂಚೆ `wide8.wav`ಗೆ ಕೊಟ್ಟ ಎರಡೂ ಅಂಕಗಳನ್ನು ಬರೆದಿಟ್ಟಿರಿ. ಆಮೇಲೆ ಮತ್ತೆ ಕೊಡಿ. ಒರಟಿನ ಅಂಕ ಹಾಗೇ ಇದ್ದು ಹೊಂದಿಕೆಯ ಅಂಕ ಮಾತ್ರ ಏರಿದ್ದರೆ, ಆ ಏರಿಕೆ ರೂಢಿಯದ್ದು.